ಸೈಲೆಂಟ್‌ನಲ್ಲಿದ್ದ ಫೋನ್ ಕೂಗಿದ್ದು ಹೇಗೆ?

ಪ್ರಶ್ನೆ: ಸೈಲೆಂಟ್‌ನಲ್ಲಿ ಇಟ್ಟಿದ್ದ ಫೋನ್‌ಗೆ ಎಮರ್ಜೆನ್ಸಿ ಅಲರ್ಟ್ ಬಂದು ಜೋರಾಗಿ ಕೂಗಿತು. ಇದು ಎಸ್ಸೆಮ್ಮೆಸ್ ಅಲ್ವಾ? ನನ್ನ ನಂಬರ್ ಅವರಿಗೆ ಸಿಕ್ಕಿದ್ದಾದರೂ ಹೇಗೆ?

ನಿಮ್ಮ ನಂಬರ್ ಅವರ ಹತ್ತಿರ ಇಲ್ಲ, ಬೇಕಾಗಿಯೂ ಇಲ್ಲ. ಇದು ಸೆಲ್ ಬ್ರಾಡ್‌ಕಾಸ್ಟ್. ಬಸ್ ಸ್ಟ್ಯಾಂಡಿನ ಮೈಕ್ ಇದ್ದ ಹಾಗೆ, ಅಲ್ಲಿ ನಿಂತವರಿಗೆಲ್ಲ ಕೇಳುತ್ತದೆ, ಯಾರು ನಿಂತಿದ್ದಾರೆ ಅಂತ ಮೈಕಿಗೆ ಗೊತ್ತಿರುವುದಿಲ್ಲ.

ನಾನು ಕಾರವಾರದವನು, ಹಾಗಾಗಿ ನಮ್ಮ ಕಾಳಿ ನದಿಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಕದ್ರಾ ಅಣೆಕಟ್ಟಿನ ಗೇಟ್ ತೆರೆಯಬೇಕಾಗಿದೆ, ಕೆಳಗಿನ ಊರುಗಳಿಗೆ ತಿಳಿಸಬೇಕು ಅಂದುಕೊಳ್ಳಿ. ಎಸ್ಸೆಮ್ಮೆಸ್ ಕಳಿಸುವುದಾದರೆ ಮೊದಲು ನಂಬರ್‌ಗಳ ಪಟ್ಟಿ ಬೇಕು. ಆಮೇಲೆ ನೆಟ್‌ವರ್ಕ್ ಒಂದೊಂದೇ ಫೋನನ್ನು ಹುಡುಕಿ, ಕರೆದು, ಮೆಸೇಜ್ ಕೊಟ್ಟು, ತಲುಪಿತು ಅಂತ ಉತ್ತರ ಪಡೆಯಬೇಕು. ಮಲ್ಲಾಪುರದಿಂದ ಸದಾಶಿವಗಡದವರೆಗೆ ಎಷ್ಟು ಫೋನ್ ಇವೆಯೋ ಅಷ್ಟೂ ಸಲ ಇದೇ ಕೆಲಸ. ಅದೇ ಹೊತ್ತಿಗೆ ಎಲ್ಲರೂ ನೆಂಟರಿಗೆ ಫೋನ್ ಮಾಡುತ್ತಿರುತ್ತಾರೆ, ನೆಟ್‌ವರ್ಕ್ ತುಂಬಿರುತ್ತದೆ, ನೀರು ಬಂದು ಹೋದ ಮೇಲೆ ಮೆಸೇಜ್ ಬಂದರೂ ಆಶ್ಚರ್ಯವಿಲ್ಲ.

ಸೆಲ್ ಬ್ರಾಡ್‌ಕಾಸ್ಟ್‌ನಲ್ಲಿ ಮ್ಯಾಪ್ ಮೇಲೆ ಆ ಜಾಗಕ್ಕೆ ಗೆರೆ ಎಳೆಯುತ್ತಾರೆ. ಅದರೊಳಗೆ ಬರುವ ಟವರ್‌ಗಳಿಗೆ ಮಾತ್ರ ಸಂದೇಶ ಹೋಗುತ್ತದೆ. ಟವರ್ ಅದನ್ನು ಒಮ್ಮೆ ಸಾರಿದರೆ ನೂರು ಫೋನ್ ಇದ್ದರೂ ಅಷ್ಟೇ, ಹತ್ತು ಸಾವಿರ ಇದ್ದರೂ ಅಷ್ಟೇ. ಯಾವ ಫೋನೂ ಉತ್ತರ ಕೊಡಬೇಕಾಗಿಲ್ಲ. ಕರೆನ್ಸಿ ಬೇಡ, ಇಂಟರ್ನೆಟ್ ಬೇಡ. ಶಿರಸಿಯಿಂದ ಮಲ್ಲಾಪುರಕ್ಕೆ ನೆಂಟರ ಮನೆಗೆ ಬಂದವರಿಗೂ ಬರುತ್ತದೆ, ಮಲ್ಲಾಪುರದವರೇ ಆಗಿ ಬೆಂಗಳೂರಿನಲ್ಲಿ ಕೂತವರಿಗೆ ಬರುವುದಿಲ್ಲ. ನಿಗದಿ ಮಾಡಿದ ಅವಧಿ ಮುಗಿಯುವವರೆಗೆ ಟವರ್ ಅದನ್ನೇ ಮತ್ತೆ ಮತ್ತೆ ಸಾರುತ್ತಿರುತ್ತದೆ. ಆದರೂ ನಿಮ್ಮ ಫೋನ್ ಪ್ರತಿ ಸಲ ಕೂಗುವುದಿಲ್ಲ, ಯಾಕೆಂದರೆ ಸಂದೇಶದ ಜೊತೆ ಒಂದು ಕ್ರಮಸಂಖ್ಯೆ ಇರುತ್ತದೆ, ಈಗಾಗಲೇ ನೋಡಿದ್ದಾದರೆ ಫೋನ್ ಸುಮ್ನೆ ಬಿಟ್ಟುಬಿಡುತ್ತದೆ.

ಈಗ ಸೈಲೆಂಟ್ ವಿಷಯ. ಕೂಗಿಸುವುದು ಟವರ್ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಆ ತೀರ್ಮಾನ ನಿಮ್ಮ ಫೋನಿನದ್ದೇ. ಪ್ರತಿ ಬ್ರಾಡ್‌ಕಾಸ್ಟ್ ಸಂದೇಶಕ್ಕೂ ಅದು ಯಾವ ಬಗೆಯದ್ದು ಅಂತ ಹೇಳುವ ಒಂದು ಸಂಖ್ಯೆ ಇರುತ್ತದೆ. ಹಳೇ ನೋಕಿಯಾದಲ್ಲಿ ಚಾನೆಲ್ 50 ಹಾಕಿದರೆ ಸ್ಕ್ರೀನ್ ಮೇಲೆ ಏರಿಯಾ ಹೆಸರು ಬರುತ್ತಿತ್ತು, ನೆನಪಿದೆಯಾ? ಅದೂ ಇದೇ ತಂತ್ರ, 50 ಅನ್ನುವುದೇ ಆ ಸಂಖ್ಯೆ. ತುರ್ತು ಎಚ್ಚರಿಕೆಗೆ ಅಂತಲೇ ಬೇರೆ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾರೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ 4370 ಎಲ್ಲಕ್ಕಿಂತ ಮೇಲಿನ ದರ್ಜೆ, 4380 ಪರೀಕ್ಷೆಯ ಸಂದೇಶ. ಸಾಮಾನ್ಯ ಎಸ್ಸೆಮ್ಮೆಸ್ ಬಂದರೆ ಮೆಸೇಜ್ ಆ್ಯಪ್ ಒಂದು ನೋಟಿಫಿಕೇಶನ್ ಹಾಕುತ್ತದೆ, ಅದು ನೀವು ಇಟ್ಟ ವಾಲ್ಯೂಮಿಗೆ ತಲೆಬಾಗುತ್ತದೆ. ಈ ಮೀಸಲು ಸಂಖ್ಯೆ ಬಂದರೆ ಸಂದೇಶ ಆ ಆ್ಯಪ್ ಕಡೆಗೆ ಹೋಗುವುದೇ ಇಲ್ಲ. ಫೋನಿನೊಳಗೆ ಅದಕ್ಕೆಂದೇ ಇರುವ ಬೇರೆ ಪ್ರೋಗ್ರಾಂ ಅದನ್ನು ಹಿಡಿದು, ರಿಂಗ್ ವಾಲ್ಯೂಮ್ ನೋಡದೆ ತನ್ನದೇ ಸದ್ದು ಮಾಡಿ, ಸ್ಕ್ರೀನ್ ಪೂರ್ತಿ ಬಾಕ್ಸ್ ತೋರಿಸುತ್ತದೆ. ರಾತ್ರಿ ಎರಡು ಗಂಟೆಗೆ ಗೇಟ್ ತೆರೆದರೆ ಅರ್ಧ ಊರಿನ ಫೋನ್ ಸೈಲೆಂಟ್‌ನಲ್ಲೇ ಇರುತ್ತದೆ ಅಲ್ವಾ, ಅದಕ್ಕೇ ಹೀಗೆ ಮಾಡಿದ್ದು.

ತೀರ್ಮಾನ ಫೋನಿನದ್ದೇ ಆದ್ದರಿಂದ ಒಂದೇ ಮೇಜಿನ ಮೇಲಿನ ಎರಡು ಫೋನ್‌ಗಳಲ್ಲಿ ಒಂದು ಕೂಗಿ ಇನ್ನೊಂದು ಸುಮ್ಮನಿರಬಹುದು. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಪರೀಕ್ಷೆ ಮಾಡಿದಾಗ ಇದೇ ಗೊಂದಲ ಜಾಸ್ತಿ ಆಗಿತ್ತು. ಸುಮ್ಮನಿದ್ದ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು Wireless emergency alerts ಅಂತ ಹುಡುಕಿ, ಆಫ್ ಆಗಿದೆಯಾ ನೋಡಿ. ಆನ್ ಇದ್ದೂ ಬರದಿದ್ದರೆ ಸಾಫ್ಟ್‌ವೇರ್ ಹಳೆಯದಿರಬಹುದು, ಅಥವಾ ಅದು ಗೆರೆಯ ಹೊರಗಿನ ಟವರ್ ಹಿಡಿದಿರಬಹುದು. ಮಾಜಾಳಿ ಕಡೆ ಫೋನ್ ಗೋವಾ ಟವರ್ ಹಿಡಿಯುವುದು ಗೊತ್ತೇ ಇದೆ. ನೀವು ನಿಂತ ಜಾಗ ಕರ್ನಾಟಕವಾದರೂ ಅಲರ್ಟ್ ಆ ಟವರ್‌ದೇ.

ಸಿಗ್ನಲ್ ಇಲ್ಲದಲ್ಲಿ ಇದು ಕೆಲಸಕ್ಕೆ ಬಾರದು. ದೇವಿಮನೆ ಘಾಟ್ ಇಳಿಯುವಾಗ ಫೋನ್ ಸತ್ತಿದ್ದರೆ, ಕುಮಟಾ ಕಡೆಯ ಟವರ್ ಸಿಕ್ಕಾಗ ಅದು ಇನ್ನೂ ಸಾರುತ್ತಿದ್ದರೆ ಮಾತ್ರ ನಿಮಗೆ ಬರುತ್ತದೆ. ಎಸ್ಸೆಮ್ಮೆಸ್ ಆದರೆ ನಿಮಗಾಗಿ ಕಾದು ಕೂತಿರುತ್ತದೆ, ಇದು ಕಾಯುವುದಿಲ್ಲ. ಬೈತಖೋಲದಿಂದ ಹೊರಟು ಟವರ್ ದಾಟಿ ಹೋದ ಬೋಟುಗಳ ಕಥೆಯೂ ಅಷ್ಟೇ. ದಡದಲ್ಲಿ ನಿಮ್ಮ ಫೋನ್ ಕೂಗಿತು ಅಂದರೆ ಅವರಿಗೂ ಗೊತ್ತಾಗಿದೆ ಅಂದುಕೊಳ್ಳಬೇಡಿ, ವೈರ್‌ಲೆಸ್ ಸೆಟ್‌ನಲ್ಲಿ ಹೇಳಿಬಿಡಿ.