ಕೆಲಸದ ಪ್ರಶ್ನೆಗೆ ಕಪ್ಸ್ ಬಂದರೆ ಹೇಗೆ ಓದುವುದು?

ಪ್ರಶ್ನೆ: ಈಗಷ್ಟೇ ಟ್ಯಾರೋ ಕಾರ್ಡ್ ಓದೋದನ್ನು ಕಲಿಯುತ್ತಿದ್ದೇನೆ. ಕೆಲಸದ ಬಗ್ಗೆ ಕೇಳಿದರೆ ಕಪ್ಸ್ ಬರುತ್ತೆ, ಮದುವೆ ಬಗ್ಗೆ ಕೇಳಿದರೆ ಕಾಯಿನ್ಸ್ ಬರುತ್ತೆ. ನೀರು, ಬೆಂಕಿ, ಗಾಳಿ, ಮಣ್ಣು ಅನ್ನೋ ತತ್ವಗಳ ಅರ್ಥಗಳನ್ನು ಹೇಗೆ ಹೊಂದಿಸೋದು?

ಕೆಲಸದ ಪ್ರಶ್ನೆಗೆ ಕಾಯಿನ್ಸ್ ಗುಂಪಿನ ಕಾರ್ಡೇ ಬರಬೇಕು ಅಂತ ನಿಮಗನಿಸಿರಬಹುದು. ಮೊದಲು ಲೆಕ್ಕ ನೋಡಿ. ಒಟ್ಟು 78 ಕಾರ್ಡ್‌ಗಳಲ್ಲಿ ಕಾಯಿನ್ಸ್ ಇರುವುದು 14 ಮಾತ್ರ. ಒಂದು ಕಾರ್ಡ್ ತೆಗೆದರೆ ಅದು ಕಾಯಿನ್ಸ್ ಆಗುವ ಸಾಧ್ಯತೆ ಐದರಲ್ಲಿ ಒಂದಕ್ಕಿಂತ ಕಡಿಮೆ. ಅಂದರೆ ಕೆಲಸದ ಪ್ರಶ್ನೆಗೆ ಬೇರೆ ಗುಂಪಿನ ಕಾರ್ಡ್ ಬರುವುದೇ ಜಾಸ್ತಿ. ನೀವು ಏನೂ ತಪ್ಪು ಮಾಡುತ್ತಿಲ್ಲ.

ಹಾಗಾಗಿ ಕಾಯಿನ್ಸ್ ಅಂದರೆ ದುಡ್ಡು, ಕಪ್ಸ್ ಅಂದರೆ ಪ್ರೀತಿ ಅಂತ ವಿಷಯಕ್ಕೆ ಕಟ್ಟಿಹಾಕಬೇಡಿ. ಗುಂಪು ಹೇಳುವುದು ನಿಮ್ಮ ಪ್ರಶ್ನೆಯ ಯಾವ ಭಾಗವನ್ನು ನೋಡಬೇಕು ಎಂಬುದನ್ನು. ಕಪ್ಸ್ ನೀರು: ಈ ವಿಷಯದಲ್ಲಿ ನಿಮಗೆ ಏನನಿಸುತ್ತಿದೆ? ವಾಂಡ್ಸ್ ಬೆಂಕಿ: ಏನು ಮಾಡಬೇಕೆಂಬ ಹುಮ್ಮಸ್ಸಿದೆ? ಸ್ವೋರ್ಡ್ಸ್ ಗಾಳಿ: ಯಾವ ಮಾತು, ಯಾವ ಯೋಚನೆ, ಯಾವ ಜಗಳ ನಡೆಯುತ್ತಿದೆ? ಕಾಯಿನ್ಸ್ ಮಣ್ಣು: ಕೈಗೆ ಸಿಗುವಂಥದ್ದು ಏನಿದೆ? ಹಣ, ಮನೆ, ಸಮಯ, ದಿನದ ದುಡಿಮೆ ಎಲ್ಲ ಇದರಲ್ಲೇ ಬರುತ್ತವೆ. ಮದುವೆಯ ಪ್ರಶ್ನೆಗೆ ಕಾಯಿನ್ಸ್ ಬಂದರೆ ಪ್ರೀತಿ ಇಲ್ಲ ಅಂತಲ್ಲ. ಮದುವೆಯಾದ ಮೇಲೆ ಎಲ್ಲಿರುತ್ತೀರಿ, ಖರ್ಚು ಯಾರು ನೋಡಿಕೊಳ್ಳುತ್ತಾರೆ ಅಂತ ಮಾತಾಡಿಕೊಂಡಿದ್ದೀರಾ? ಅದನ್ನು ಕೇಳಿಕೊಳ್ಳಿ.

ನಿಜವಾದ ಸ್ವಾರಸ್ಯ ಇರುವುದು ಕಾರ್ಡ್‌ಗಳು ಅಕ್ಕಪಕ್ಕ ಕೂತಾಗ. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ರಹಸ್ಯವಿದ್ಯೆಯ ಸಂಘದವರು ಇದಕ್ಕೊಂದು ಸರಳ ನಿಯಮ ಇಟ್ಟುಕೊಂಡಿದ್ದರು. ಬೆಂಕಿಗೂ ನೀರಿಗೂ ಆಗಿಬರುವುದಿಲ್ಲ, ಗಾಳಿಗೂ ಮಣ್ಣಿಗೂ ಆಗಿಬರುವುದಿಲ್ಲ. ಆಗಿಬರದ ಕಾರ್ಡ್ ಪಕ್ಕದಲ್ಲಿದ್ದರೆ ಬಲ ಕುಗ್ಗುತ್ತದೆ. ಉಳಿದ ಜೋಡಿಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮೂರು ಕಾರ್ಡ್ ಇಟ್ಟಾಗ ನಡುವಿನದ್ದು ಮುಖ್ಯ, ಅಕ್ಕಪಕ್ಕದವು ಅದಕ್ಕೆ ಬಲ ಕೊಡುತ್ತವೆ ಅಥವಾ ಬಲ ಕಳೆಯುತ್ತವೆ.

ನನ್ನ ಗೆಳತಿಯೊಬ್ಬಳು ‘ಈ ಕೆಲಸ ಬಿಡಲಾ?’ ಅಂತ ಕೇಳಿದ್ದಳು. ಎಡಕ್ಕೆ ಕಪ್ಸ್ ನಾಲ್ಕು, ನಡುವೆ ಕಾಯಿನ್ಸ್ ಎಂಟು, ಬಲಕ್ಕೆ ಸ್ವೋರ್ಡ್ಸ್ ಐದು ಬಂದವು. ನಾನು ಬಳಸುವುದು 1909ರಲ್ಲಿ ಬಂದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಕಾರ್ಡ್‌ಗಳನ್ನು. ಅದರಲ್ಲಿ ಕಾಯಿನ್ಸ್ ಎಂಟು ಅಂದರೆ ಬೆಂಚಿನ ಮೇಲೆ ಕೂತು ನಾಣ್ಯ ಕೆತ್ತುತ್ತಿರುವ ಕೆಲಸಗಾರ. ಅಂದರೆ ಕೆಲಸ ಅವಳಿಗೆ ಒಗ್ಗಿದೆ, ಕೈ ಪಳಗುತ್ತಿದೆ. ಎಡಗಡೆ, ಮರದ ಕೆಳಗೆ ಕೈಕಟ್ಟಿ ಕೂತ ಹುಡುಗ ಎದುರಿಗೆ ಬಂದ ಬಟ್ಟಲನ್ನೂ ನೋಡುತ್ತಿಲ್ಲ. ಅದು ಬೇಸರ. ಆದರೆ ನೀರಿಗೂ ಮಣ್ಣಿಗೂ ಹೊಂದುತ್ತದೆ. ಹಾಗಾಗಿ ಆ ಬೇಸರ ಕೆಲಸವನ್ನು ಕೆಡಿಸುವಂಥದ್ದಲ್ಲ. ತೊಂದರೆ ಬಲಗಡೆ ಇದೆ. ಸ್ವೋರ್ಡ್ಸ್ ಐದರಲ್ಲಿ ಒಬ್ಬ ಕತ್ತಿಗಳನ್ನು ಬಾಚಿಕೊಂಡು ನಗುತ್ತಿದ್ದಾನೆ, ಇಬ್ಬರು ಸೋತು ಹೊರಟಿದ್ದಾರೆ. ಗಾಳಿ ಮಣ್ಣಿನ ಬಲ ಕಳೆಯುತ್ತದೆ.

ಆದ್ದರಿಂದ ನಾನು ಸಂಬಳದ ಬಗ್ಗೆ ಕೇಳಲಿಲ್ಲ. ‘ಆಫೀಸಿನಲ್ಲಿ ಯಾರ ಜೊತೆಗಿನ ಮಾತುಕತೆ ನಿನ್ನ ಕೆಲಸ ಕೆಡಿಸುತ್ತಿದೆ?’ ಅಂತ ಕೇಳಿದೆ. ಅವಳು ಮಾಡಿದ ಕೆಲಸವನ್ನು ಮೀಟಿಂಗಿನಲ್ಲಿ ಇನ್ನೊಬ್ಬರು ತಮ್ಮದೆಂದು ಹೇಳಿಕೊಳ್ಳುತ್ತಿದ್ದರಂತೆ. ಬಿಡಬೇಕಾ ಎಂಬ ಪ್ರಶ್ನೆ ಆಮೇಲಿನದು. ಅದಕ್ಕೂ ಮುಂಚೆ ಆ ಮಾತು ಆಡಬೇಕಿತ್ತು. ಅವಳು ನೇರವಾಗಿ ಮಾತಾಡಲು ಒಪ್ಪಿದಳು. ಬಲಗಡೆ ಸ್ವೋರ್ಡ್ಸ್ ಬದಲು ವಾಂಡ್ಸ್ ಹತ್ತು ಇದ್ದಿದ್ದರೆ ನಾನು ಕೆಲಸದ ಹೊರೆಯ ಬಗ್ಗೆ ಕೇಳುತ್ತಿದ್ದೆ.

ಹೊಸಬರು ಇಲ್ಲೇ ಎಡವುತ್ತಾರೆ: ‘ವಾಂಡ್ಸ್ ಒಂದೂ ಬಂದಿಲ್ಲ, ಹುಮ್ಮಸ್ಸೇ ಇಲ್ಲ’ ಅಂದುಬಿಡುತ್ತಾರೆ. ಗುಂಪು ನಾಲ್ಕು, ಕಾರ್ಡ್ ಮೂರು. ಒಂದಾದರೂ ಬಾರದೇ ಇರಲೇಬೇಕು ಅಲ್ವಾ? ಬಾರದ ತತ್ವಕ್ಕೆ ಅರ್ಥ ಹುಡುಕುವುದಾದರೆ ಹತ್ತು ಕಾರ್ಡ್ ಹರಡಿಡುವಂಥ ದೊಡ್ಡ ಹಾಸಿನಲ್ಲಿ ಹುಡುಕಿ.

ನಮ್ಮ ಪಂಚಭೂತಗಳಲ್ಲಿರುವ ಆಕಾಶ ಎಲ್ಲಿ ಹೋಯಿತು ಅಂತ ನಿಮಗೂ ಅನ್ನಿಸಿರಬಹುದು. ಇದು ಯುರೋಪಿನ ನಾಲ್ಕು ತತ್ವಗಳ ಲೆಕ್ಕ. 15ನೇ ಶತಮಾನದ ಇಟಲಿಯಲ್ಲಿ ಈ ಕಾರ್ಡ್‌ಗಳು ಆಟಕ್ಕಷ್ಟೇ ಇದ್ದವು. ತತ್ವಗಳನ್ನು ಜೋಡಿಸಿದ್ದು ಬಹಳ ನಂತರ. ಅದಕ್ಕೇ ಕೆಲವು ಡೆಕ್‌ಗಳಲ್ಲಿ ವಾಂಡ್ಸ್ ಗಾಳಿ, ಸ್ವೋರ್ಡ್ಸ್ ಬೆಂಕಿ ಆಗಿರುತ್ತವೆ. ನಿಮ್ಮ ಡೆಕ್ ಜೊತೆ ಬಂದ ಪುಸ್ತಕದಲ್ಲಿ ಇದನ್ನು ನೋಡಿಕೊಳ್ಳಿ. ಒಂದು ಕ್ರಮ ಹಿಡಿದ ಮೇಲೆ ಒಂದೇ ಹಾಸಿನ ಮಧ್ಯೆ ಅದನ್ನು ಬದಲಿಸಬೇಡಿ. ಹಾಗೆ ಬದಲಿಸಿದರೆ ಮೇಲೆ ಹೇಳಿದ ಅಕ್ಕಪಕ್ಕದ ನಿಯಮವೇ ತಲೆಕೆಳಗಾಗುತ್ತದೆ.