ಒಂದೇ ಪ್ರಸ್ತುತಿ, ಇಬ್ಬರ ಮಾತು: ಒಂದು ಆಪ್ತಸಲಹೆ ಪ್ರಕರಣ

ಇಬ್ಬರು ವಿದ್ಯಾರ್ಥಿನಿಯರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಅವರ ಹೆಸರುಗಳನ್ನೂ ಗುರುತು ಹಿಡಿಯಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಸಿವಿಲ್ ಎಂಜಿನಿಯರಿಂಗ್‌ನ ಅಂತಿಮ ವರ್ಷದಲ್ಲಿದ್ದ ಮೇಘನಾ ಮತ್ತು ಶಿಲ್ಪಾ ಬಯಲುಸೀಮೆಯ ಒಂದು ತಾಲ್ಲೂಕಿನ ಇಪ್ಪತ್ತನಾಲ್ಕು ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಪ್ರಮಾಣದ ಬಗ್ಗೆ ಜೊತೆಯಾಗಿ ಪ್ರಾಜೆಕ್ಟ್ ಮಾಡಿದ್ದರು. ಅಂತಿಮ ಪರೀಕ್ಷೆಗೆ ಹನ್ನೆರಡು ದಿನ ಉಳಿದಿದ್ದಾಗ ಶಿಲ್ಪಾ ಒಬ್ಬಳೇ ನನ್ನ ಬಳಿ ಬಂದು, "ಮೇಡಂ, ನನ್ನ ಪಾಲಿನ ಮಾತನ್ನೂ ಅವಳೇ ಆಡಲಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ, ಹಾಗೆ ಮಾಡಲು ಅವಕಾಶ ಇದೆಯೇ?" ಎಂದು ಕೇಳಿದಳು.

ಹಿಂದಿನ ವಾರ ವಿಭಾಗದಲ್ಲಿ ಪೂರ್ವಾಭ್ಯಾಸ ನಡೆದಿತ್ತು. ಹನ್ನೆರಡು ಸ್ಲೈಡುಗಳು, ಹದಿನೈದು ನಿಮಿಷ. ಮೊದಲ ಆರು ಮೇಘನಾಳಿಗೆ, ಉಳಿದ ಆರು ಶಿಲ್ಪಾಳಿಗೆ ಎಂದು ಹಂಚಿಕೊಂಡಿದ್ದರು. ಮೇಘನಾ ತನ್ನ ಆರು ಸ್ಲೈಡುಗಳಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಂಡಳು. ಶಿಲ್ಪಾ ಒಂಬತ್ತನೆಯ ಸ್ಲೈಡಿನಲ್ಲಿ ತಡವರಿಸಿದಾಗ ಮೇಘನಾ ನಡುವೆ ಪ್ರವೇಶಿಸಿ ವಾಕ್ಯವನ್ನು ತಾನೇ ಪೂರ್ಣಗೊಳಿಸಿದಳು. "ಹಾಗಾದರೆ ನೀನೇ ಹೇಳು" ಎಂದು ಶಿಲ್ಪಾ ಹಿಂದೆ ಸರಿದಳು. ಮಾರ್ಗದರ್ಶಕರು ಅಲ್ಲಿಗೇ ನಿಲ್ಲಿಸಿದರು. ಆ ಬಳಿಕ ಇಬ್ಬರ ನಡುವೆ ನಾಲ್ಕು ದಿನ ಮಾತಿರಲಿಲ್ಲ.

ಇಂತಹ ಸಂದರ್ಭದಲ್ಲಿ ಮೊದಲು ತಿಳಿಯಬೇಕಾದದ್ದು, ಎದುರಿಗಿರುವುದು ಮಾತನಾಡುವ ಭಯವೇ ಅಥವಾ ಈ ಒಂದು ಸಂದರ್ಭದ ಏರ್ಪಾಡಿನ ದೋಷವೇ ಎಂಬುದು. ಶಿಲ್ಪಾಳ ನಿದ್ರೆ, ಊಟ, ಹಿಂದಿನ ಮೌಖಿಕ ಪರೀಕ್ಷೆಗಳ ಅನುಭವ ಎಲ್ಲವನ್ನೂ ವಿಚಾರಿಸಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದರೂ ಪ್ರಯೋಗಾಲಯದ ಮೌಖಿಕ ಪರೀಕ್ಷೆಗಳಲ್ಲಿ ಅವಳು ಇಂಗ್ಲಿಷಿನಲ್ಲೇ ಸರಾಗವಾಗಿ ಉತ್ತರಿಸಿದ್ದಳು. ಎಲ್ಲ ಸಭೆಗಳಲ್ಲೂ ಗಂಟಲು ಕಟ್ಟುವ ಸ್ಥಿತಿ ಇದ್ದಿದ್ದರೆ ನಾನು ಬೇರೆಯೇ ದಾರಿ ಹಿಡಿಯುತ್ತಿದ್ದೆ. ಮುಂದೆ ಹೇಳುವ ಕೋಷ್ಟಕ ಅಂತಹ ಭಯಕ್ಕೆ ಚಿಕಿತ್ಸೆಯಲ್ಲ. ಮರುದಿನ ಮೇಘನಾಳನ್ನು ಪ್ರತ್ಯೇಕವಾಗಿ ಕಂಡಾಗ, ಅವಳ ಮಾತಿನಲ್ಲಿ ಅಹಂಕಾರಕ್ಕಿಂತ ಆತಂಕವೇ ಹೆಚ್ಚಾಗಿ ಕಾಣಿಸಿತು. "ಅವಳು ನಿಂತುಬಿಟ್ಟರೆ ಇಬ್ಬರ ಅಂಕವೂ ಹೋಗುತ್ತದಲ್ಲ, ಮೇಡಂ" ಎಂದಳು.

ಮೂರನೆಯ ಭೇಟಿಗೆ ಇಬ್ಬರೂ ಬಂದರು. ಯಾರು ಸರಿ ಎಂಬ ಚರ್ಚೆಗೆ ಹೋಗದೆ, ಪ್ರತಿ ಸ್ಲೈಡಿನ ಕೆಲಸವನ್ನು ನಿಜವಾಗಿ ಮಾಡಿದವರು ಯಾರೆಂದು ಒಂದು ಹಾಳೆಯಲ್ಲಿ ಬರೆಯಲು ಹೇಳಿದೆ. ಹಾಳೆ ತುಂಬುತ್ತಿದ್ದಂತೆ ಪೂರ್ವಾಭ್ಯಾಸ ಕೆಟ್ಟ ಕಾರಣ ಅವರ ಕಣ್ಣಿಗೇ ಬಿದ್ದಿತು. ಊರೂರು ತಿರುಗಿ ನೀರು ಸಂಗ್ರಹಿಸಿದವಳು ಮೇಘನಾ, ಪ್ರಯೋಗಾಲಯದಲ್ಲಿ ಅಳೆದವಳು ಶಿಲ್ಪಾ. ಆದರೆ ಸಮಪಾಲು ಎಂದು ನಡುವೆ ಗೆರೆ ಎಳೆದುದರಿಂದ ಪ್ರಯೋಗಾಲಯದ ವಿಧಾನವನ್ನು ವಿವರಿಸುವ ಆರನೆಯ ಸ್ಲೈಡು ಅದನ್ನು ಮಾಡದ ಮೇಘನಾಳಿಗೂ, ತಾಲ್ಲೂಕಿನ ನಕ್ಷೆಯ ಮೇಲೆ ಫಲಿತಾಂಶ ತೋರಿಸುವ ಒಂಬತ್ತನೆಯದು ಆ ಊರುಗಳನ್ನು ನೋಡಿರದ ಶಿಲ್ಪಾಳಿಗೂ ಹೋಗಿತ್ತು. ಗೊತ್ತಿಲ್ಲದ ವಿಷಯವನ್ನು ಮೇಘನಾ ಸುತ್ತಿ ಬಳಸಿ ಹೇಳಿದ್ದರಿಂದ ಸಮಯ ಹೋಯಿತು. ಶಿಲ್ಪಾ ತಡವರಿಸಿದ್ದೂ ಅದೇ ಕಾರಣದಿಂದ. ಅದರ ಮೇಲೆ, ಗೆರೆ ಬಿದ್ದದ್ದು ಮಾಪನ ವಿಧಾನ ಮತ್ತು ಅದರ ಮಾಪನಾಂಕ ರೇಖೆಯ ನಡುವೆ, ಅಂದರೆ ಒಂದೇ ವಿಚಾರದ ಮಧ್ಯದಲ್ಲಿ.

ಆದ್ದರಿಂದ ಸ್ಲೈಡುಗಳ ಸಂಖ್ಯೆಯನ್ನು ಸಮ ಮಾಡುವುದನ್ನು ಬಿಟ್ಟು, ಕೆಲಸ ಮಾಡಿದವರಿಗೆ ಮಾತು, ವಿಚಾರ ಮುಗಿದಲ್ಲಿ ಬದಲಾವಣೆ ಎಂಬ ಎರಡು ನಿಯಮಗಳ ಮೇಲೆ ಹಂಚಲು ಸೂಚಿಸಿದೆ. ಮುಕ್ತಾಯದ ಸ್ಲೈಡನ್ನು ಶಿಲ್ಪಾಳೇ ಹೇಳಬೇಕೆಂದು ನಾನು ಒತ್ತಾಯಿಸಿದೆ. ಹಿಂದಿನ ಸಲ ಅವಳಿಗೆ ಕೊನೆಯವರೆಗೆ ತಲುಪಲು ಆಗಿರಲಿಲ್ಲ. ಒಂದು ಗಂಟೆ ಕುಳಿತು ಅವರು ಸಿದ್ಧಪಡಿಸಿದ ಕೋಷ್ಟಕ ಇದು.

| ಸ್ಲೈಡ್ | ವಿಷಯ | ಮಾತು | ಸೆಕೆಂಡು | ಮುಗಿದಾಗ ಗಡಿಯಾರ |
|---|---|---|---|---|
| 1 | ಶೀರ್ಷಿಕೆ, ಇಬ್ಬರ ಪರಿಚಯ | ಮೇಘನಾ | 30 | 0:30 |
| 2 | ಫ್ಲೋರೈಡ್ ಸಮಸ್ಯೆ | ಮೇಘನಾ | 75 | 1:45 |
| 3 | ಅಧ್ಯಯನ ಪ್ರದೇಶ | ಮೇಘನಾ | 60 | 2:45 |
| 4 | ಹಿಂದಿನ ಅಧ್ಯಯನಗಳು | ಮೇಘನಾ | 60 | 3:45 |
| 5 | ನೀರಿನ ಮಾದರಿ ಸಂಗ್ರಹ | ಮೇಘನಾ | 75 | 5:00 |
| 6 | ಅಳತೆಯ ವಿಧಾನ | ಶಿಲ್ಪಾ | 75 | 6:15 |
| 7 | ಮಾಪನಾಂಕ ರೇಖೆ | ಶಿಲ್ಪಾ | 45 | 7:00 |
| 8 | ಫಲಿತಾಂಶದ ಪಟ್ಟಿ | ಶಿಲ್ಪಾ | 90 | 8:30 |
| 9 | ನಕ್ಷೆಯ ಮೇಲೆ ಫಲಿತಾಂಶ | ಮೇಘನಾ | 75 | 9:45 |
| 10 | ಪಟಿಕ–ಸುಣ್ಣದ ಪ್ರಯೋಗ | ಶಿಲ್ಪಾ | 90 | 11:15 |
| 11 | ಅಧ್ಯಯನದ ಮಿತಿಗಳು | ಶಿಲ್ಪಾ | 45 | 12:00 |
| 12 | ಮುಕ್ತಾಯ | ಶಿಲ್ಪಾ | 60 | 13:00 |

ಮೇಘನಾಳ ಪಾಲಿಗೆ ಆರೂಕಾಲು ನಿಮಿಷ, ಶಿಲ್ಪಾಳ ಪಾಲಿಗೆ ಆರೂಮುಕ್ಕಾಲು ನಿಮಿಷ ಬಂದಿತು. ಉಳಿದ ಎರಡು ನಿಮಿಷಗಳನ್ನು ಮಾತು ಬದಲಾಗುವಾಗಿನ ವಿರಾಮಕ್ಕೂ ಅನಿರೀಕ್ಷಿತ ಪ್ರಶ್ನೆಗಳಿಗೂ ಮೀಸಲಿಟ್ಟೆವು. ನನ್ನ ಅನುಭವದಲ್ಲಿ ಕೊನೆಯ ಕಾಲಮ್ಮು ಉಳಿದವುಗಳಿಗಿಂತ ಹೆಚ್ಚು ಉಪಯುಕ್ತ. ಐದನೆಯ ಸ್ಲೈಡು ಮುಗಿಯುವಾಗ ಗಡಿಯಾರ ಆರು ನಿಮಿಷ ತೋರಿಸಿದರೆ, ಒಂದು ನಿಮಿಷವನ್ನು ಇನ್ನೊಬ್ಬಳ ಪಾಲಿನಿಂದ ತೆಗೆದುಕೊಂಡಾಗಿದೆ ಎಂಬುದು ಮಾತನಾಡುತ್ತಿರುವವಳಿಗೇ ತಿಳಿಯುತ್ತದೆ. ಆರೋಪ ಹೊರಿಸುವ ಅಗತ್ಯ ಬೀಳುವುದಿಲ್ಲ. ಮೂರನೆಯ ಸ್ಲೈಡಿನ ಹೊತ್ತಿಗೇ ತಡವಾಗಿದ್ದರೆ ನಾಲ್ಕನೆಯ ಸ್ಲೈಡನ್ನು ಒಂದೇ ವಾಕ್ಯದಲ್ಲಿ ಮುಗಿಸುವುದೆಂದು ಮೊದಲೇ ತೀರ್ಮಾನಿಸಿದರು.

ಮಾತು ಬದಲಾಗುವುದು ಮೂರು ಕಡೆ ಮಾತ್ರ. ಪೂರ್ವಾಭ್ಯಾಸದಲ್ಲಿ ಮೇಘನಾ "ಉಳಿದದ್ದನ್ನು ನನ್ನ ಸ್ನೇಹಿತೆ ಹೇಳುತ್ತಾಳೆ" ಎಂದಿದ್ದಳು. 'ಉಳಿದದ್ದು' ಎಂಬ ಆ ಒಂದು ಪದ ತನಗೆ ಎಷ್ಟು ನೋವು ಕೊಟ್ಟಿತು ಎಂಬುದನ್ನು ಶಿಲ್ಪಾ ಆ ದಿನವೇ ಮೊದಲ ಬಾರಿಗೆ ಹೇಳಿದಳು. ಒಳ್ಳೆಯ ಸೇತುಸಾಲು ಮುಂದಿನ ಸ್ಲೈಡು ಉತ್ತರಿಸಬೇಕಾದ ಪ್ರಶ್ನೆಯನ್ನು ಎತ್ತುತ್ತದೆ, ಮುಂದೆ ಮಾತನಾಡುವವರನ್ನು ಅವರ ಕೆಲಸದಿಂದ ಗುರುತಿಸುತ್ತದೆ; ಅದನ್ನು ಸ್ವೀಕರಿಸುವವರು ಧನ್ಯವಾದದಲ್ಲಿ ಸಮಯ ಕಳೆಯದೆ ಆ ಸಾಲಿನ ಒಂದು ಪದವನ್ನೇ ಹಿಡಿದು ಆರಂಭಿಸುತ್ತಾರೆ. ಇಂಗ್ಲಿಷಿನಲ್ಲಿ ಅವರು ಸಿದ್ಧಪಡಿಸಿದ ಸಾಲುಗಳನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಐದರಿಂದ ಆರಕ್ಕೆ, ಮೇಘನಾ: "ಹೀಗೆ ಇಪ್ಪತ್ತನಾಲ್ಕು ಬಾವಿಗಳ ನೀರು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಪ್ರಯೋಗಾಲಯ ತಲುಪಿತು. ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದನ್ನು ಪ್ರತಿ ಬಾಟಲಿಯಲ್ಲೂ ಅಳೆದವರು ಶಿಲ್ಪಾ." ಶಿಲ್ಪಾ: "ಪ್ರತಿ ಬಾಟಲಿಯ ನೀರಿಗೂ ಮೊದಲು ಒಂದು ಬಫರ್ ದ್ರಾವಣ ಬೆರೆಸಿ, ಬಳಿಕ ಫ್ಲೋರೈಡ್ ಎಲೆಕ್ಟ್ರೋಡನ್ನು ಅದ್ದಿದೆವು."

ಎಂಟರಿಂದ ಒಂಬತ್ತಕ್ಕೆ, ಶಿಲ್ಪಾ: "ಹನ್ನೊಂದು ಬಾವಿಗಳು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿವೆ. ಈ ಹನ್ನೊಂದು ಎಲ್ಲಿವೆ ಎಂಬುದನ್ನು ಅಲ್ಲಿಗೆ ಹೋಗಿಬಂದ ಮೇಘನಾ ತೋರಿಸುತ್ತಾರೆ." ಮೇಘನಾ: "ಹನ್ನೊಂದರಲ್ಲಿ ಎಂಟು ಬಾವಿಗಳು ನಕ್ಷೆಯ ಈ ಒಂದೇ ಮೂಲೆಯಲ್ಲಿವೆ."

ಒಂಬತ್ತರಿಂದ ಹತ್ತಕ್ಕೆ ಹೋಗುವ ಸಾಲು ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡಿನ ಸ್ವೀಕಾರಾರ್ಹ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ಜಲಮೂಲ ಇಲ್ಲದಿದ್ದಾಗ ಮಾತ್ರ 1.5ರವರೆಗೆ ಅನುಮತಿ ಇದೆ. ಇದನ್ನೇ ಬಳಸಿ ಮೇಘನಾ ಬರೆದಳು: "ಈ ಮೂಲೆಯ ಜನರಿಗೆ ಹತ್ತಿರದಲ್ಲಿ ಬೇರೆ ನೀರಿಲ್ಲ. ಇರುವ ನೀರನ್ನೇ ಶುದ್ಧಗೊಳಿಸಲು ಸಾಧ್ಯವೇ ಎಂದು ಶಿಲ್ಪಾ ಪರೀಕ್ಷಿಸಿ ನೋಡಿದ್ದಾರೆ." ಶಿಲ್ಪಾಳ ಸಾಲು: "ಇರುವ ನೀರಿಗೆ ನಾವು ಬಳಸಿದ್ದು ಪಟಿಕ ಮತ್ತು ಸುಣ್ಣ ಬೆರೆಸುವ ನಲ್ಗೊಂಡ ವಿಧಾನ."

ಸಾಲು ಬರೆದ ಮಾತ್ರಕ್ಕೆ ಬದಲಾವಣೆ ಸುಗಮವಾಗುವುದಿಲ್ಲ. ಸ್ಲೈಡನ್ನು ಯಾರು, ಯಾವಾಗ ಮುಂದಕ್ಕೆ ಒತ್ತಬೇಕು ಎಂಬುದೂ ನಿಶ್ಚಯವಾಗಿರಬೇಕು. ಒಪ್ಪಿಸುವವಳು ತನ್ನ ಕೊನೆಯ ಸಾಲನ್ನು ಹಳೆಯ ಸ್ಲೈಡು ಪರದೆಯ ಮೇಲಿರುವಾಗಲೇ ಹೇಳಿ ಮುಗಿಸಿ ಒಂದು ಹೆಜ್ಜೆ ಹಿಂದೆ ಸರಿಯುವುದು, ಸ್ವೀಕರಿಸುವವಳು ಮುಂದೆ ಬಂದು ತಾನೇ ಕೀಲಿ ಒತ್ತಿ ಮಾತು ಆರಂಭಿಸುವುದು ಎಂದು ತೀರ್ಮಾನಿಸಿದೆವು. ಹೊಸ ಸ್ಲೈಡು ಮೊದಲೇ ಬಂದರೆ ಸಭೆಯ ಕಣ್ಣು ಅದನ್ನು ಓದುವುದರಲ್ಲಿ ತೊಡಗುತ್ತದೆ, ಸೇತುಸಾಲು ಯಾರ ಕಿವಿಗೂ ಬೀಳುವುದಿಲ್ಲ. ಮೊದಲ ಪ್ರಯತ್ನದಲ್ಲಿ ಈ ಬದಲಾವಣೆಗೆ ಒಂಬತ್ತು ಸೆಕೆಂಡು ಹಿಡಿಯಿತು. ಲ್ಯಾಪ್‌ಟಾಪ್ ಮೇಘನಾಳ ಬದಿಯಲ್ಲಿತ್ತು. ಅದನ್ನು ನಡುವಿನ ಮೇಜಿಗೆ ತಂದು, ಇಡೀ ಪ್ರಸ್ತುತಿಯನ್ನು ಬದಿಗಿಟ್ಟು, ಆ ಮೂರು ಸಂಧಿಗಳನ್ನು ಮಾತ್ರ ಹತ್ತು ಹತ್ತು ಬಾರಿ ಅಭ್ಯಾಸ ಮಾಡಿಸಿದೆ. ಕಾಲು ಗಂಟೆಯೊಳಗೆ ಅಂತರ ಮೂರು ಸೆಕೆಂಡಿಗೆ ಇಳಿಯಿತು.

ಸಮಯ ಅಳೆಯಲು ಅವರು ಪವರ್‌ಪಾಯಿಂಟ್‌ನ Rehearse Timings ಬಳಸಿದರು. ಇದರಲ್ಲಿ ಒಂದು ಅಪಾಯವಿದೆ: ಅಳೆದ ಸಮಯವನ್ನು ಉಳಿಸಿಕೊಂಡರೆ ನಿಜವಾದ ಪ್ರಸ್ತುತಿಯಲ್ಲಿ ಸ್ಲೈಡುಗಳು ತಾವಾಗಿಯೇ ಮುಂದಕ್ಕೆ ಓಡುತ್ತವೆ. ಆದ್ದರಿಂದ Slide Show ವಿಭಾಗದಲ್ಲಿ Use Timings ಎಂಬುದರ ಗುರುತನ್ನು ತೆಗೆದಿರಬೇಕು.

ಇನ್ನು ಮಧ್ಯಪ್ರವೇಶದ ಪ್ರಶ್ನೆ; ಜಗಳದ ಬೇರು ಅಲ್ಲಿಯೇ ಇತ್ತು. ಶಿಲ್ಪಾ ನಿಂತರೆ ಮೇಘನಾ ಮನಸ್ಸಿನಲ್ಲಿ ಐದರವರೆಗೆ ಎಣಿಸಬೇಕು. ಆಮೇಲೂ ಮೌನವಿದ್ದರೆ "ಸುಣ್ಣ" ಎಂದೋ "ಮಿತಿ" ಎಂದೋ ಒಂದೇ ಪದವನ್ನು ಮೆಲ್ಲಗೆ ನೀಡಬಹುದು, ವಾಕ್ಯವನ್ನು ಪೂರ್ಣಗೊಳಿಸಬಾರದು. ಅಂಕಿ ತಪ್ಪಿದರೆ, ಅದು ಫಲಿತಾಂಶವನ್ನೇ ಬದಲಿಸುವಂತಿದ್ದಾಗ ಮಾತ್ರ, "ಆ ಅಂಕಿಯನ್ನು ಪಟ್ಟಿಯಲ್ಲಿ ಒಮ್ಮೆ ನೋಡೋಣವೇ" ಎಂದು ಹೇಳಬಹುದು. ಪ್ರಶ್ನೆಗಳಿಗೂ ಕೋಷ್ಟಕವೇ ಆಧಾರ: ಯಾರ ಸ್ಲೈಡೋ ಅವರದೇ ಉತ್ತರ, ಅವರು ತಿರುಗಿ ನೋಡಿದಾಗ ಮಾತ್ರ ಇನ್ನೊಬ್ಬಳು ಸೇರಿಸಬೇಕು. ಈ ನಿಯಮ ಎರಡು ಕಡೆಗೂ ಅನ್ವಯಿಸುತ್ತದೆ ಎಂಬುದನ್ನು ಸ್ಪಷ್ಟಪಡಿಸಿದೆ, ಇಲ್ಲವಾದರೆ ಅದು ಮೇಘನಾಳಿಗೆ ವಿಧಿಸಿದ ಶಿಕ್ಷೆಯಂತೆ ಕಾಣುತ್ತಿತ್ತು. ಆದರೂ ಐದರವರೆಗೆ ಎಣಿಸುವುದು ಅವಳಿಗೆ ಬಹಳ ಕಷ್ಟವಾಯಿತು. ಎರಡು ಅಭ್ಯಾಸಗಳಲ್ಲಿ ಎರಡಕ್ಕೇ ಬಾಯಿ ತೆರೆದಳು. ಮೂರನೆಯದರಲ್ಲಿ ಮಾತ್ರ ನಾಲ್ಕನ್ನು ದಾಟಿದಳು, ಅಷ್ಟರಲ್ಲಿ ಶಿಲ್ಪಾಳಿಗೆ ಮಾತು ತಾನಾಗಿಯೇ ನೆನಪಾಗಿತ್ತು.

ಪರೀಕ್ಷೆಗೆ ಎರಡು ದಿನವಿರುವಾಗ ಮಾರ್ಗದರ್ಶಕರು ಮೂರನೆಯದರ ನಂತರ ಮಳೆ ಪ್ರಮಾಣದ ಒಂದು ಸ್ಲೈಡು ಸೇರಿಸಲು ಹೇಳಿದರು. ಕೋಷ್ಟಕದ ಸಂಖ್ಯೆಗಳೆಲ್ಲ ಒಂದೊಂದು ಜರುಗಿ, "ಐದು ಮುಗಿದರೆ ನಿನ್ನ ಸರದಿ" ಎಂಬ ಒಪ್ಪಂದ ಗೊಂದಲಕ್ಕೀಡಾಯಿತು. ಸಂಖ್ಯೆಯ ಬದಲು ವಿಷಯದ ಹೆಸರಿನಿಂದಲೇ ಸರದಿ ಗುರುತಿಸುವಂತೆಯೂ, ಸೇತುಸಾಲನ್ನು ಆಯಾ ಸ್ಲೈಡಿನ ಟಿಪ್ಪಣಿಯ ಕೊನೆಯಲ್ಲಿ ಅಂಟಿಸುವಂತೆಯೂ ತಿಳಿಸಿದೆ. ಹಾಗೆ ಮಾಡಿದರೆ ಸ್ಲೈಡು ಎತ್ತ ಸರಿದರೂ ಸಾಲು ಅದರ ಜೊತೆಗೇ ಹೋಗುತ್ತದೆ. ಇದನ್ನು ಮೊದಲ ದಿನವೇ ಹೇಳಬೇಕಿತ್ತು, ಅದು ನನ್ನ ಲೋಪ. ಹೊಸ ಸ್ಲೈಡಿಗೆ ಬೇಕಾದ ನಲವತ್ತು ಸೆಕೆಂಡುಗಳನ್ನು ಹಿಂದಿನ ಅಧ್ಯಯನಗಳ ಸ್ಲೈಡಿನಿಂದ ತೆಗೆದರು.

ಅಂತಿಮ ದಿನ ಅವರು ಹದಿಮೂರೂವರೆ ನಿಮಿಷದಲ್ಲಿ ಮುಗಿಸಿದರು ಎಂದು ಶಿಲ್ಪಾ ತಿಳಿಸಿದಳು. ಪಟಿಕ ಹಾಕಿದ ಮೇಲೆ ನೀರಿನಲ್ಲಿ ಉಳಿಯುವ ಅಲ್ಯುಮಿನಿಯಂ ಬಗ್ಗೆ ಬಾಹ್ಯ ಪರೀಕ್ಷಕರು ಕೇಳಿದಾಗ ಅವಳು ಕ್ಷಣಕಾಲ ಸುಮ್ಮನಾದಳಂತೆ. ಮೇಘನಾ ಬಾಯಿ ತೆರೆಯಲಿಲ್ಲ. ಅದನ್ನು ತಾವು ಅಳೆದಿಲ್ಲ, ಅದು ಮಿತಿಗಳ ಪಟ್ಟಿಯಲ್ಲಿದೆ ಎಂದು ಶಿಲ್ಪಾ ತಾನೇ ಉತ್ತರಿಸಿದಳು.