ಬ್ಯಾಂಕಿನಲ್ಲಿ 9 ಲಕ್ಷ ಇದ್ದರೂ ಶುಲ್ಕ ಏರಿಕೆಯೇ?

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 48 ಮನೆಗಳ ಅಪಾರ್ಟ್‌ಮೆಂಟ್, ನಾನು ಸಂಘದ ಖಜಾಂಚಿ. ಬ್ಯಾಂಕಿನಲ್ಲಿ 9.20 ಲಕ್ಷ ಇದೆ. ಆದರೂ ಮೀಸಲು ನಿಧಿಗೆಂದು ಶುಲ್ಕ ಏರಿಸಬೇಕಾಗಿದೆ. ವಾರ್ಷಿಕ ಸಭೆಯಲ್ಲಿ ಗಲಾಟೆಯಾಗದಂತೆ ಹೇಗೆ ಮಾತಾಡಲಿ?

ಉತ್ತರ: ಮೊದಲು ಆ 9.20 ಲಕ್ಷವನ್ನೇ ಬಿಡಿಸಿ ಹೇಳಿಬಿಡಿ, ಎಲ್ಲರ ಕಣ್ಣೂ ಇರುವುದು ಅದರ ಮೇಲೇ. ಆದಾಯ-ವೆಚ್ಚದ ಪಟ್ಟಿಯನ್ನು ಸಾಲು ಸಾಲಾಗಿ ಓದಬೇಡಿ. ಅದರ ಜೆರಾಕ್ಸ್ ಮನೆಮನೆಗೆ ಮೊದಲೇ ತಲುಪಿರಲಿ.

ನೀವು ಕಳಿಸಿದ ಲೆಕ್ಕ ನೋಡಿದರೆ ಮಾತು ಹೀಗೆ ಸಾಗಬಹುದು: “ಮಾರ್ಚ್ 31ಕ್ಕೆ ಬ್ಯಾಂಕಿನಲ್ಲಿ 9,20,000 ರೂಪಾಯಿ ಇತ್ತು. ಅದರಲ್ಲಿ 6,50,000 ಮೀಸಲು ನಿಧಿಯ ಠೇವಣಿ. 60,000 ಕೆಲವರು ಮುಂದಿನ ವರ್ಷಕ್ಕೆಂದು ಮುಂಗಡ ಕಟ್ಟಿದ್ದು. ಸೆಸ್ಕ್‌ನ ಮಾರ್ಚ್ ಕರೆಂಟ್ ಬಿಲ್ಲು, ಸೆಕ್ಯುರಿಟಿಯವರ ಸಂಬಳ ಸೇರಿ 70,000 ಕೊಡಬೇಕಿತ್ತು. ಇಷ್ಟೂ ಕಳೆದರೆ ಖರ್ಚಿಗೆ ಉಳಿಯುವುದು 1,40,000. ನಮ್ಮ ತಿಂಗಳ ಖರ್ಚು ಸುಮಾರು 93,000.” ಇಲ್ಲಿ ತುಸು ನಿಲ್ಲಿಸಿ. ಕೈಯಲ್ಲಿರುವುದು ಒಂದೂವರೆ ತಿಂಗಳ ದುಡ್ಡು ಅಂತ ಅವರೇ ಲೆಕ್ಕ ಹಾಕಿಕೊಳ್ಳಲಿ.

ಇನ್ನು ಬಾಕಿ. ಮನೆಗೆ ತಿಂಗಳಿಗೆ 2,000ದಂತೆ ವರ್ಷಕ್ಕೆ 11,52,000 ಬರಬೇಕು, ಖರ್ಚು 11,20,000. ಪಟ್ಟಿಯಲ್ಲಿ 32,000 ಉಳಿತಾಯ ಅಂತ ಕಾಣುತ್ತದೆ. ಆದರೆ ಇನ್ನೂ ಕೈಗೆ ಬಾರದ 96,000 ಕೂಡ ಆದಾಯದಲ್ಲಿ ಸೇರಿಕೊಂಡಿದೆ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ “ಉಳಿತಾಯ ಎಲ್ಲಿ ಹೋಯ್ತು?” ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಬಾಕಿ ಎಷ್ಟು ಹಳೆಯದು ಅನ್ನುವುದನ್ನೂ ತಿಳಿಸಿ. 12 ಮನೆಗಳು ಉಳಿಸಿಕೊಂಡಿರುವುದು ಮಾರ್ಚ್ ಒಂದೇ ತಿಂಗಳದ್ದು, ಒಟ್ಟು 24,000. ಅದು ಏಪ್ರಿಲ್‌ನಲ್ಲಿ ಬರುವ ದುಡ್ಡು. ಉಳಿದ 72,000 ವರ್ಷವಿಡೀ ಕಟ್ಟದ ಮೂರೇ ಮನೆಗಳದ್ದು. ಸಭೆಯಲ್ಲಿ ಅವರ ಹೆಸರು ಎತ್ತಬೇಡಿ, ಮಾತು ಹಣ ಬಿಟ್ಟು ಮನಸ್ತಾಪಕ್ಕೆ ತಿರುಗುತ್ತದೆ. ಬೈಲಾದಲ್ಲಿ ಬಡ್ಡಿ ಹಾಕಲು ಅವಕಾಶವಿದ್ದರೆ ಆ ಪ್ರಕಾರ ನೋಟಿಸ್ ಕಳಿಸಿದ್ದೇವೆ ಅಂದರೆ ಸಾಕು.

ಏರಿಕೆಯ ಪ್ರಸ್ತಾಪ ಇದಾದ ಮೇಲೆ ಬರಲಿ. ಐದು ವರ್ಷದೊಳಗೆ ಹೊರಗೋಡೆಗೆ ಪೇಂಟಿಂಗ್, ಲಿಫ್ಟಿನ ದೊಡ್ಡ ರಿಪೇರಿ ಸೇರಿ 12,50,000 ಬೇಕು ಎಂದು ನಿಮ್ಮ ಅಂದಾಜು. ಇರುವ 6,50,000 ಬಿಟ್ಟರೆ 6 ಲಕ್ಷ ಕೊರತೆ. 60 ತಿಂಗಳಿಗೆ, 48 ಮನೆಗೆ ಹಂಚಿದರೆ ಮನೆಗೆ ತಿಂಗಳಿಗೆ ಸುಮಾರು 210 ರೂಪಾಯಿ. ಬರೀ “ಹತ್ತು ಪರ್ಸೆಂಟ್ ಏರಿಕೆ” ಅಂದರೆ ಜನ ಸಿಡುಕುತ್ತಾರೆ, ಯಾವ ಕೆಲಸಕ್ಕೆ ಅಂತ ಕಂಡರೆ ಚೌಕಾಸಿಗಾದರೂ ಕೂರುತ್ತಾರೆ. ಠೇವಣಿಯ ಬಡ್ಡಿಯನ್ನು ತಿಂಗಳ ಖರ್ಚಿಗೆ ಎಳೆಯಬೇಡಿ. ಸಾಮಾನು, ಕೂಲಿ ದರ ಏರಿದಾಗ ಅಲ್ಪಸ್ವಲ್ಪ ತುಂಬಿಕೊಡುವುದು ಅದೇ. ಅಂದಾಜನ್ನು ಪ್ರತಿ ವರ್ಷ ಹೊಸ ಕೊಟೇಶನ್ ತರಿಸಿ ತಿದ್ದಬೇಕಾಗುತ್ತದೆ, ಅದನ್ನೂ ಈಗಲೇ ಹೇಳಿಡಿ.

“ಠೇವಣಿ ಮುರಿಸಿ, ಏರಿಕೆ ಯಾಕೆ?” ಎಂದು ಯಾರಾದರೂ ಎದ್ದೇ ಏಳುತ್ತಾರೆ. ವಾದಕ್ಕೆ ಇಳಿಯದೆ, 210 ರೂಪಾಯಿ ಪ್ರತ್ಯೇಕ ಖಾತೆಗೇ ಹೋಗಬೇಕು, ಸಾಮಾನ್ಯ ಸಭೆಯ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟಬಾರದು ಎಂಬ ನಿರ್ಣಯವನ್ನು ನೀವೇ ಮಂಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ.